ತಿಂಗಳ ಲೆಕ್ಕ ಕೆಡದಂತೆ ಸ್ಲೈಡ್‌ಗಳ ಸಾಲು ಬದಲಿಸುವುದು ಹೇಗೆ?

ಪ್ರಶ್ನೆ: ಪುಣೆಯ ವಾಕಡ್‌ನಲ್ಲಿ 84 ಮನೆಗಳ ನಮ್ಮ ಸೊಸೈಟಿಗೆ ಈ ವರ್ಷ ನಾನು ಸೆಕ್ರೆಟರಿ. ವಾರ್ಷಿಕ ಸಾಮಾನ್ಯ ಸಭೆಗೆಂದು 2024-25ರ ನೀರಿನ ಲೆಕ್ಕವನ್ನು 16 ಸ್ಲೈಡ್‌ಗಳಲ್ಲಿ ಮಾಡಿದ್ದೇನೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಂದು, ಕೊನೆಯಲ್ಲಿ ಫೋಟೋಗಳು, ಒಟ್ಟು ಖರ್ಚು, ಕೊಟೇಶನ್‌ಗಳು ಮತ್ತು ಹಿಂದಿನ ವರ್ಷದ ಹೋಲಿಕೆ. ಸಮಿತಿಯಲ್ಲಿ ತೋರಿಸಿದಾಗ ಜುಲೈ ತಲುಪುವಷ್ಟರಲ್ಲಿ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ‘ಸಮಸ್ಯೆ ಏನಿತ್ತು, ಏನು ಮಾಡಿದೆವು ಎಂದು ಜೋಡಿಸಿ’ ಎನ್ನುತ್ತಾರೆ ಚೇರ್ಮನ್. ಆದರೆ ಕರಡು ಆಗಲೇ ಸದಸ್ಯರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿದೆ. ಹೋದ ವರ್ಷ ಒಂದು ಬಿಲ್ಲಿನ ಅಂಕಿ ಬಿಟ್ಟುಹೋಗಿದ್ದಕ್ಕೆ ದೊಡ್ಡ ಜಗಳವೇ ಆಗಿತ್ತು. ಒಂದೂ ಅಂಕಿ ಬಿಡದೆ ಸಾಲು ಬದಲಿಸಲು ಸಾಧ್ಯವೇ? ಬದಲಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಎನ್ನುವುದಿಲ್ಲವೇ? ಫೈಲನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಸಾಧ್ಯ. ಆದರೆ ಸ್ಲೈಡ್‌ಗಳನ್ನು ಹಿಡಿದು ಮೇಲೆ ಕೆಳಗೆ ಎಳೆದರೆ ಮುಗಿಯುವ ಕೆಲಸ ಇದಲ್ಲ. ನಿಮ್ಮ ಫೈಲಿನಲ್ಲಿ ಒಂದು ಸ್ಲೈಡ್ ಎಂದರೆ ಒಂದು ತಿಂಗಳು. ಚೇರ್ಮನ್ ಕೇಳುತ್ತಿರುವ ಜೋಡಣೆಯಲ್ಲಿ ಒಂದು ಸ್ಲೈಡ್ ಎಂದರೆ ಒಂದು ವಿಷಯ. ನಿಮ್ಮ ಜೂನ್ ಸ್ಲೈಡನ್ನೇ ನೋಡಿ. 54 ಟ್ಯಾಂಕರ್, ದರ ₹1,200, ಇದುವರೆಗೆ 194 ಟ್ಯಾಂಕರ್, ಬಿ ವಿಂಗ್‌ನಲ್ಲಿ ನೀರಿನ ಒತ್ತಡ ಕಡಿಮೆ ಎಂದು 11 ದೂರು, 9ರಂದು ಪ್ಲಂಬರ್ ಬಂದು ಮೇಲಿನ ಟ್ಯಾಂಕುಗಳು ಉಕ್ಕಿ ಹರಿಯುತ್ತಿರುವುದನ್ನೂ ಸಂಪಿನ ಗೋಡೆಯ ಬಿರುಕನ್ನೂ ಕಂಡದ್ದು, 22ರಂದು ಫ್ಲೋಟ್ ವಾಲ್ವ್‌ಗಳನ್ನು ಬದಲಿಸಿ ₹14,600 ಕೊಟ್ಟದ್ದು, ಇವಿಷ್ಟೂ ಒಂದೇ ಕಡೆ ಇವೆ. ದೂರುಗಳು ಸಮಸ್ಯೆಯ ಭಾಗಕ್ಕೆ ಸೇರಬೇಕು, ಪ್ಲಂಬರ್ ಕಂಡದ್ದು ಕಾರಣಕ್ಕೆ, ವಾಲ್ವ್ ಪರಿಹಾರಕ್ಕೆ, ಟ್ಯಾಂಕರ್ ಎಣಿಕೆ ಫಲಿತಾಂಶಕ್ಕೆ. ಇಡೀ ಸ್ಲೈಡನ್ನು ಎತ್ತಿ ಪರಿಹಾರದ ಭಾಗದಲ್ಲಿ ಇಟ್ಟಿರೋ, ಮಿಕ್ಕ ಅಂಕಿಗಳು ಅಲ್ಲಿ ಕರೆಯದೆ ಬಂದ ನೆಂಟರಂತೆ ಕುಳಿತಿರುತ್ತವೆ. ಎರಡನೆಯ ಸಲ ಓದುವಾಗ ಯಾರಾದರೂ ‘ಇದು ಇಲ್ಲೇಕೆ?’ ಎಂದು ಅಳಿಸಿಬಿಡುತ್ತಾರೆ. ನಾನು ಕಂಡಂತೆ ಅಂಕಿಗಳು ಕಳೆದುಹೋಗುವುದು ಹೆಚ್ಚಾಗಿ ಹೀಗೆ. ಅದರಲ್ಲಿ ಯಾರ ಕುತಂತ್ರವೂ ಇರುವುದಿಲ್ಲ, ಅಚ್ಚುಕಟ್ಟು ಮಾಡುವ ಹುರುಪು ಮಾತ್ರ ಇರುತ್ತದೆ.

ಇನ್ನೊಂದು ನಷ್ಟ ಇದಕ್ಕಿಂತ ಸೂಕ್ಷ್ಮವಾದದ್ದು. ಕಾಲಾನುಕ್ರಮದಲ್ಲಿ ಸ್ಲೈಡ್ ಎಲ್ಲಿದೆ ಎಂಬುದೇ ಒಂದು ಮಾಹಿತಿ. ಜೂನ್ ಆದ ಮೇಲೆ ಜುಲೈ ಬರುವುದರಿಂದ ‘ಕಳೆದ ತಿಂಗಳಿಗಿಂತ 33 ಕಡಿಮೆ’ ಎಂದು ನೀವು ಬರೆದದ್ದು ಯಾರಿಗೂ ತೊಡಕಾಗುವುದಿಲ್ಲ. ಅದೇ ಸ್ಲೈಡು ಫಲಿತಾಂಶದ ಭಾಗಕ್ಕೆ ಹೋಗಿ, ಅದರ ಹಿಂದೆ ಅಕ್ಟೋಬರಿನ ಸಂಗತಿ ಬಂದು ಕುಳಿತರೆ ‘ಕಳೆದ ತಿಂಗಳು’ ಯಾವುದು? ಅಂಕಿ ಹಾಗೇ ಇದೆ, ಅರ್ಥ ಮಾತ್ರ ಹೋಗಿದೆ. ‘ಇದುವರೆಗೆ’ ಎಂಬ ಮೊತ್ತಗಳದ್ದು ಇನ್ನೂ ಕಷ್ಟ. ನಿಮ್ಮ ಸೆಪ್ಟೆಂಬರ್ ಸ್ಲೈಡಿನಲ್ಲಿ ‘ಇದುವರೆಗೆ 245’ ಎಂದಿದೆ. ಸಾಲು ಒಡೆದ ಮೇಲೆ ಅದು ಒಂದು ಅರ್ಧವರ್ಷದ ಮೊತ್ತ ಎಂದು ಯಾರಿಗೂ ತಿಳಿಯುವುದಿಲ್ಲ, ಸೆಪ್ಟೆಂಬರಿನ 16ರ ಪಕ್ಕದಲ್ಲಿ ನಿಂತು ಗಾಬರಿ ಹುಟ್ಟಿಸುತ್ತದೆ. ಆದ್ದರಿಂದ ಸಾಲನ್ನು ಒಡೆಯುವ ಮೊದಲು, ಸಾಲು ಹೊತ್ತಿದ್ದ ಮಾಹಿತಿಯನ್ನು ಸ್ಲೈಡಿನ ಮುಖದ ಮೇಲೆ ಅಕ್ಷರದಲ್ಲಿ ಬರೆಯಬೇಕು. ‘ಕಳೆದ ತಿಂಗಳಿಗಿಂತ 33 ಕಡಿಮೆ’ ಎಂಬುದು ‘ಜೂನ್ 2024: 54, ಜುಲೈ 2024: 21’ ಆಗಲಿ. ‘ಇದುವರೆಗೆ 245’ ಎಂಬುದು ‘1 ಏಪ್ರಿಲ್‌ನಿಂದ 30 ಸೆಪ್ಟೆಂಬರ್ 2024ರ ವರೆಗೆ 245’ ಆಗಲಿ. ನಿಮ್ಮ ಸ್ಲೈಡ್‌ಗಳು ಇಂಗ್ಲಿಷಿನಲ್ಲಿರುವುದರಿಂದ ಹಳೆಯ ಫೈಲಿನಲ್ಲಿ `last month`, `so far`, `till date`, `again`, `still` ಎಂಬ ಪದಗಳನ್ನು ಒಂದೊಂದಾಗಿ ಹುಡುಕಿ. ಸಿಕ್ಕ ಪ್ರತಿ ಜಾಗದಲ್ಲೂ ತಾರೀಖು ಬರೆದ ಮೇಲೆಯೇ ಮುಂದಿನ ಕೆಲಸ.

ಈಗ ಪಟ್ಟಿಯ ವಿಷಯ. ಎಕ್ಸೆಲ್‌ನಲ್ಲಿ ಒಂದು ಹಾಳೆ ತೆರೆದು, ಹಳೆಯ ಫೈಲಿನ ಒಂದೊಂದು ಅಂಕಿಗೂ ಒಂದೊಂದು ಸಾಲು ಕೊಡಿ. ಅಂಕಿ, ಅದು ಯಾವುದರ ಅಳತೆ, ಯಾವ ಅವಧಿಯದು, ಹಳೆಯ ಸ್ಲೈಡ್ ಸಂಖ್ಯೆ, ಆಧಾರ ಯಾವ ಬಿಲ್ಲು ಅಥವಾ ಯಾವ ಸಭೆಯ ನಡಾವಳಿ, ಹೊಸ ಸ್ಲೈಡ್ ಸಂಖ್ಯೆ. ಕೊನೆಯ ಕಾಲಂ ಈಗ ಖಾಲಿ ಇರುತ್ತದೆ. ಅದು ಪೂರ್ತಿ ತುಂಬುವವರೆಗೆ ಕೆಲಸ ಮುಗಿದಿಲ್ಲ ಎಂದು ಲೆಕ್ಕ. ಬೇಸರದ ಕೆಲಸ ನಿಜ. ಆದರೆ ಒಂದೂ ಅಂಕಿ ಬಿಟ್ಟಿಲ್ಲ ಎಂದು ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳುವುದಕ್ಕೂ ಹಾಳೆಯನ್ನು ಮುಂದಿಡುವುದಕ್ಕೂ ಇರುವ ವ್ಯತ್ಯಾಸ, ಹೋದ ವರ್ಷದ ಜಗಳ ನೋಡಿದ ನಿಮಗೆ ಗೊತ್ತೇ ಇದೆ.

ಪಟ್ಟಿ ಮಾಡುವಾಗ ಕಣ್ಣಿಗೆ ಬೀಳದ ಅಂಕಿಗಳಿರುವ ಮೂರು ಜಾಗಗಳನ್ನು ಮರೆಯಬೇಡಿ. ಸ್ಲೈಡಿನ ಕೆಳಗಿನ ಟಿಪ್ಪಣಿಯ ಜಾಗದಲ್ಲಿ ನೀವು ಮಾತಿಗೆಂದು ಬರೆದುಕೊಂಡದ್ದು ಒಂದು. ನಿಮ್ಮ ಡಿಸೆಂಬರ್ ಸ್ಲೈಡಿನಲ್ಲಿ ಬೋರ್‌ವೆಲ್ ಫ್ಲಶಿಂಗ್‌ಗೆ ₹38,000 ಎಂಬುದು ಆ ಟಿಪ್ಪಣಿಯಲ್ಲಿ ಮಾತ್ರ ಇದೆ, ಪರದೆಯ ಮೇಲೆ ಬರುವುದೇ ಇಲ್ಲ. ಎರಡನೆಯದು ನಕ್ಷೆಗಳ ಒಳಗೆ. ಕಂಬಗಳ ಮೇಲೆ ಅಂಕಿ ತೋರಿಸದಿದ್ದರೂ ಚಾರ್ಟಿನ ಮೇಲೆ ಬಲ ಕ್ಲಿಕ್ ಮಾಡಿ `Edit Data` ತೆರೆದರೆ ಒಳಗೆ ಇಡೀ ಕೋಷ್ಟಕ ಸಿಗುತ್ತದೆ. ಆ ಚಾರ್ಟನ್ನು ಹೊಸ ಸ್ಲೈಡಿಗೆ ಚಿತ್ರವಾಗಿ ಅಂಟಿಸಿದರೆ ಈ ಕೋಷ್ಟಕ ಅಲ್ಲಿಗೇ ಕಳೆದುಹೋಗುತ್ತದೆ. ಆದ್ದರಿಂದ ಚಾರ್ಟನ್ನು ಚಾರ್ಟಾಗಿಯೇ ಸಾಗಿಸಿ. ಮೂರನೆಯದು ಫೋಟೋಗಳೊಳಗೆ. ಸ್ಕ್ಯಾನ್ ಮಾಡಿ ಹಾಕಿದ ಬಿಲ್ಲಿನಲ್ಲಿ ಟ್ಯಾಂಕರಿನ ಅಳತೆ 10,000 ಲೀಟರ್ ಎಂದಿದೆ, ಬೇರೆಲ್ಲೂ ಅದು ಬರೆದಿಲ್ಲ. ಒಂದು ಟ್ಯಾಂಕರ್ ಎಂದರೆ ಎಷ್ಟು ನೀರು ಎಂಬುದೇ ಇಲ್ಲದಿದ್ದರೆ ವರ್ಷಕ್ಕೆ 427 ಟ್ಯಾಂಕರ್ ಎಂಬ ಮಾತಿಗೆ ತೂಕವಿಲ್ಲ.

ಕಾಲಾನುಕ್ರಮ ಪ್ರಾಮಾಣಿಕ, ಸಮಸ್ಯೆ–ಪರಿಹಾರದ ಸಾಲು ಮಾತಿನ ಚಮತ್ಕಾರ ಎಂಬ ನಂಬಿಕೆ ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲಿ ಅಡಗಿದೆ. ಅದು ಅರ್ಧ ಮಾತ್ರ ಸರಿ. ನಿಮ್ಮ ಫೈಲಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸ್ಲೈಡು 16ನೆಯದು, ಅಂದರೆ ಎರಡು ವರ್ಷಗಳ ಟ್ಯಾಂಕರ್ ಎಣಿಕೆಯನ್ನು ತಿಂಗಳುವಾರು ಪಕ್ಕಪಕ್ಕ ಇಟ್ಟ ಕೋಷ್ಟಕ. ಅದು ಬರುವ ಹೊತ್ತಿಗೆ ಸಭೆ ಚಹಾ ಕುಡಿಯಲು ಎದ್ದಿರುತ್ತದೆ. ತಾರೀಖಿನ ಪ್ರಕಾರ ಇಟ್ಟರೂ ಸತ್ಯ ಹೀಗೆ ಮುಚ್ಚಿಹೋಗುತ್ತದೆ. ಇನ್ನರ್ಧ ಮಾತ್ರ ನಿಜವಾದ ಅಪಾಯ. ಸಮಸ್ಯೆಯ ಪಕ್ಕದಲ್ಲಿ ಪರಿಹಾರ, ಅದರ ಪಕ್ಕದಲ್ಲಿ ಇಳಿದ ಅಂಕಿ ಇಟ್ಟೊಡನೆ, ನೀವು ಬಾಯಿ ಬಿಟ್ಟು ಹೇಳದಿದ್ದರೂ ‘ಇದರಿಂದ ಅದು ಆಯಿತು’ ಎಂದು ನೋಡುವವರು ಓದಿಕೊಳ್ಳುತ್ತಾರೆ. ತಿಂಗಳ ಸಾಲಿನಲ್ಲಿ ಇಂಥ ಮಾತು ಇರಲಿಲ್ಲ. ಹೊಸ ಸಾಲು ಅದನ್ನು ತಾನಾಗಿಯೇ ಹೇಳುತ್ತದೆ.

ನಿಮ್ಮ ಅಂಕಿಗಳಲ್ಲೇ ಇದನ್ನು ನೋಡೋಣ. ಮೇ ತಿಂಗಳಲ್ಲಿ 78 ಟ್ಯಾಂಕರ್ ಬಂದವು. ಜೂನ್ 22ರಂದು ವಾಲ್ವ್ ಬದಲಾಯಿತು. ಜುಲೈಯಲ್ಲಿ 21 ಬಂದವು. ಇವನ್ನು ಒಂದೇ ಸ್ಲೈಡಿನಲ್ಲಿ ಇಟ್ಟು ‘ವಾಲ್ವ್ ಬದಲಿಸಿದೆವು: 78ರಿಂದ 21ಕ್ಕೆ ಇಳಿಯಿತು’ ಎಂದು ಶೀರ್ಷಿಕೆ ಕೊಡುವ ಆಸೆ ಯಾರಿಗಾದರೂ ಆಗುತ್ತದೆ. ಮೂರೂ ಅಂಕಿಗಳು ನಿಜ, ಒಂದನ್ನೂ ಬಿಟ್ಟಿಲ್ಲ. ಆದರೂ ಸ್ಲೈಡು ಸುಳ್ಳು ಹೇಳುತ್ತದೆ. ಜೂನ್ ಮತ್ತು ಜುಲೈ ನಡುವೆ ಪುಣೆಯಲ್ಲಿ ಮಳೆಗಾಲ ಹಿಡಿಯುತ್ತದೆ, ಪವನಾ ಅಣೆಕಟ್ಟೆಗೆ ನೀರು ಬರುತ್ತದೆ, ನಿಮ್ಮ ಬೋರ್‌ವೆಲ್ ತುಂಬುತ್ತದೆ. 16ನೇ ಸ್ಲೈಡಿನಲ್ಲಿ ಹಿಂದಿನ ವರ್ಷದ ಲೆಕ್ಕ ನೋಡಿ. ಆಗ ಯಾವ ವಾಲ್ವನ್ನೂ ಮುಟ್ಟಿರಲಿಲ್ಲ, ಆದರೂ ಮೇ ತಿಂಗಳ 80 ಜುಲೈಯಲ್ಲಿ 37ಕ್ಕೆ ಇಳಿದಿತ್ತು. ಅಂದರೆ ಮಳೆಯೊಂದೇ 43 ಟ್ಯಾಂಕರ್ ಕಡಿಮೆ ಮಾಡಿತ್ತು. ಈ ವರ್ಷ ಇಳಿದ 57ರಲ್ಲಿ ಬಹುಪಾಲನ್ನು ಮಳೆಯ ಖಾತೆಗೇ ಬರೆಯಬೇಕು.

ಹಾಗಾದರೆ ದುರಸ್ತಿಯಿಂದ ಏನೂ ಆಗಲಿಲ್ಲವೇ? ಆಯಿತು. ಅದನ್ನು ತೋರಿಸುವ ಸರಿಯಾದ ದಾರಿ ಜುಲೈಯನ್ನು ಮೇ ತಿಂಗಳ ಪಕ್ಕದಲ್ಲಿ ನಿಲ್ಲಿಸುವುದಲ್ಲ, ಹಿಂದಿನ ಜುಲೈಯ ಪಕ್ಕದಲ್ಲಿ ನಿಲ್ಲಿಸುವುದು. 37 ಇದ್ದದ್ದು 21 ಆಗಿದೆ, 16 ಕಡಿಮೆ. ಆಗಸ್ಟ್‌ನಲ್ಲಿ 29 ಇದ್ದದ್ದು 14, ಸೆಪ್ಟೆಂಬರಿನಲ್ಲಿ 31 ಇದ್ದದ್ದು 16. ವಾಲ್ವ್ ಬದಲಿಸುವ ಮುಂಚೆ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಎರಡು ವರ್ಷಗಳ ನಡುವೆ ಇದ್ದ ಅಂತರ ಬರೀ ಎರಡೆರಡು. ಅಕ್ಟೋಬರ್ 12ರಂದು ₹92,000 ಖರ್ಚಿನಲ್ಲಿ ಸಂಪಿನ ಬಿರುಕಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದ ಮೇಲೆ ಅಂತರ ಇನ್ನೂ ಹಿಗ್ಗಿ, ನವೆಂಬರಿನಲ್ಲಿ 52ರ ಜಾಗದಲ್ಲಿ 28, ಮಾರ್ಚ್‌ನಲ್ಲಿ 70ರ ಜಾಗದಲ್ಲಿ 36 ಆಗಿದೆ. ವರ್ಷದ ಒಟ್ಟು 639ರಿಂದ 427ಕ್ಕೆ ಬಂದಿದೆ. ಎರಡು ವರ್ಷಗಳ ಮಳೆ ಒಂದೇ ಸಮ ಬಿದ್ದಿರುವುದಿಲ್ಲ, ಪಾಲಿಕೆಯ ನೀರೂ ಒಂದೇ ಸಮ ಬಂದಿರುವುದಿಲ್ಲ. ಹಾಗಾಗಿ ‘ದುರಸ್ತಿಯಿಂದಲೇ 212 ಉಳಿಯಿತು’ ಎನ್ನಬೇಡಿ. ‘ದುರಸ್ತಿಗೆ ಮುಂಚೆ ಅಂತರ 2, ನಂತರ 15ರಿಂದ 34’ ಎಂದು ಬರೆದು ಅಲ್ಲಿಗೆ ನಿಲ್ಲಿಸಿ. ಉಳಿತಾಯವನ್ನು ರೂಪಾಯಿಯಲ್ಲೂ ಹೇಳಬೇಡಿ, ಏಕೆಂದರೆ ಹಿಂದಿನ ವರ್ಷದ ದರ ನಿಮ್ಮ ಫೈಲಿನಲ್ಲಿಲ್ಲ. ಹುಡುಕಿ ತಂದು ಸೇರಿಸುವುದಾದರೆ ‘ಹೊಸದಾಗಿ ಸೇರಿಸಿದ್ದು’ ಎಂದು ಗುರುತು ಹಾಕಿ. ಹಳೆಯ ಅಂಕಿಗಳ ನಡುವೆ ಹೊಸದು ಸದ್ದಿಲ್ಲದೆ ನುಸುಳುವುದೂ ಅಂಕಿ ಬಿಟ್ಟುಹೋಗುವಷ್ಟೇ ಅನುಮಾನಕ್ಕೆ ದಾರಿ.

ದರದ ಮಾತು ಬಂದಿತಲ್ಲ, ಇನ್ನೊಂದು ಸಣ್ಣ ಬಲೆ. ಏಪ್ರಿಲ್‌ನಿಂದ ಜೂನ್‌ವರೆಗೆ ಟ್ಯಾಂಕರಿಗೆ ₹1,200, ಜುಲೈಯಿಂದ ₹1,000. 194 ಟ್ಯಾಂಕರಿಗೆ ₹2,32,800, ಮಿಕ್ಕ 233ಕ್ಕೆ ₹2,33,000, ಒಟ್ಟು ₹4,65,800, ಸರಿಯಾಗಿದೆ. ತಿಂಗಳ ಸಾಲಿನಲ್ಲಿ ಎರಡೂ ದರಗಳು ತಮ್ಮ ತಮ್ಮ ತಿಂಗಳಲ್ಲಿ ಇದ್ದವು. ವಿಷಯದ ಸಾಲಿಗೆ ತರುವಾಗ ಒಂದೇ ಸ್ಲೈಡಿನಲ್ಲಿ ಹಿಡಿಸಲೆಂದು ‘ಸರಾಸರಿ ಸುಮಾರು ₹1,091’ ಎಂದು ಬರೆದರೆ ಮೊತ್ತ ಹೆಚ್ಚುಕಡಿಮೆ ತಾಳೆಯಾಗುತ್ತದೆ, ಆದರೆ ಎರಡು ಅಂಕಿಗಳು ಮಾಯವಾಗಿ ಬಿಲ್ಲಿನಲ್ಲಿ ಎಲ್ಲೂ ಇಲ್ಲದ ಮೂರನೆಯದೊಂದು ಹುಟ್ಟುತ್ತದೆ. ಬಿಲ್ಲು ಹಿಡಿದು ಬರುವ ಸದಸ್ಯರು ಕೇಳುವುದು ಇಂಥದ್ದನ್ನೇ.

ಯಾವ ಸಾಲಿನಲ್ಲಿ ಜೋಡಿಸುವುದು? ಮೊದಲ ಸ್ಲೈಡಿನಲ್ಲಿ ಒಟ್ಟು ಲೆಕ್ಕ: 427 ಟ್ಯಾಂಕರ್, ₹4,65,800, ಹಿಂದಿನ ವರ್ಷ 639. ಎರಡನೆಯದು ನಿಮ್ಮ ಹಳೆಯ 16ನೇ ಸ್ಲೈಡು. ಅದನ್ನು ಹನ್ನೆರಡು ತಿಂಗಳ ಎರಡು ಗೆರೆಗಳ ನಕ್ಷೆ ಮಾಡಿ, ಜೂನ್ 22 ಮತ್ತು ಅಕ್ಟೋಬರ್ 12ರ ಜಾಗದಲ್ಲಿ ಗುರುತು ಹಾಕಿ, ಎರಡು ವರ್ಷಗಳ ಎಲ್ಲ ಅಂಕಿಗಳನ್ನೂ ಗೆರೆಗಳ ಮೇಲೆಯೇ ಬರೆಯಿರಿ. ಕಾಲಾನುಕ್ರಮ ಬೇಕೆನ್ನುವವರಿಗೆ ಅದು ಒಂದೇ ನೋಟಕ್ಕೆ ಇಲ್ಲೇ ಸಿಗುತ್ತದೆ. ಆಮೇಲೆ ಬರುವ ಸ್ಲೈಡ್‌ಗಳಲ್ಲಿ ತಾರೀಖುಗಳು ಹಿಂದೆ ಮುಂದೆ ಆದರೂ ಈ ನಕ್ಷೆ ನೋಡಿದವರು ದಾರಿ ತಪ್ಪುವುದಿಲ್ಲ. ನಂತರ ದೂರುಗಳು ಮತ್ತು ಉಕ್ಕಿ ಹರಿಯುವ ಫೋಟೋ, ನಂತರ ಪ್ಲಂಬರ್ ಕಂಡ ಎರಡು ಕಾರಣಗಳು, ನಂತರ ತಾರೀಖು ಮತ್ತು ಖರ್ಚಿನ ಜೊತೆ ಮಾಡಿದ ಕೆಲಸಗಳು, ನಂತರ ಮೇಲೆ ಹೇಳಿದ ಹೋಲಿಕೆ, ಕೊನೆಗೆ ಸಭೆ ತೀರ್ಮಾನಿಸಬೇಕಾದ ವಿಂಗ್‌ವಾರು ಮೀಟರುಗಳ ಕೊಟೇಶನ್‌ಗಳು.

ಈ ಸಾಲಿನಲ್ಲಿ ಎಲ್ಲಿಯೂ ಹೊಂದದ ಅಂಕಿಗಳು ಉಳಿಯುತ್ತವೆ. ನಿಜವಾದ ಪರೀಕ್ಷೆ ಅಲ್ಲೇ. ಟಿಪ್ಪಣಿಯಲ್ಲಿ ಅಡಗಿದ್ದ ಬೋರ್‌ವೆಲ್ ಫ್ಲಶಿಂಗ್ ತೆಗೆದುಕೊಳ್ಳಿ. ಡಿಸೆಂಬರಿನಲ್ಲಿ ₹38,000 ಕೊಟ್ಟಿರಿ. ಹಿಂದಿನ ವರ್ಷದ ಜೊತೆಗಿನ ಅಂತರ ನವೆಂಬರಿನಲ್ಲಿ 24 ಇತ್ತು, ಡಿಸೆಂಬರಿನಲ್ಲಿ 25, ಜನವರಿಯಲ್ಲಿ 26. ಫ್ಲಶಿಂಗ್‌ನಿಂದ ಎದ್ದು ಕಾಣುವ ಬದಲಾವಣೆ ಏನೂ ಇಲ್ಲ. ಸಮಸ್ಯೆ–ಪರಿಹಾರದ ಕಥೆಯಲ್ಲಿ ಫಲ ಕೊಡದ ಪರಿಹಾರಕ್ಕೆ ಜಾಗ ಇರುವುದಿಲ್ಲ, ಆದ್ದರಿಂದ ಮೊದಲು ಬಿದ್ದುಹೋಗುವುದು ಅದೇ. ನೀವು ಅದನ್ನು ಮಾಡಿದ ಕೆಲಸಗಳ ಸ್ಲೈಡಿನಲ್ಲಿ, ಮಿಕ್ಕೆರಡರ ಪಕ್ಕದಲ್ಲಿ, ಅದೇ ಅಕ್ಷರ ಗಾತ್ರದಲ್ಲಿ ಇಡಿ. ‘ಬೋರ್‌ವೆಲ್ ಫ್ಲಶಿಂಗ್, ಡಿಸೆಂಬರ್ 2024, ₹38,000, ಟ್ಯಾಂಕರ್ ಎಣಿಕೆಯಲ್ಲಿ ಗಮನಾರ್ಹ ಬದಲಾವಣೆ ಇಲ್ಲ’ ಎಂಬಷ್ಟು ಸಾಕು. ಸಮಿತಿಯವರು ಮುಖ ಸಿಂಡರಿಸಬಹುದು. ಸದಸ್ಯರು ಅದನ್ನು ಲೆಕ್ಕಪತ್ರದಲ್ಲಿ ತಾವೇ ಕಂಡುಹಿಡಿದು ಎದ್ದು ನಿಲ್ಲುವುದಕ್ಕಿಂತ ಇದು ಎಷ್ಟೋ ವಾಸಿ.

ಆಗಸ್ಟ್ ಸ್ಲೈಡಿನ ಕೆಳಗೆ ಸಿ ವಿಂಗ್ ಲಿಫ್ಟ್ ದುರಸ್ತಿ ₹18,500 ಎಂದು ಇದೆಯಲ್ಲ, ಅದಕ್ಕೂ ನೀರಿಗೂ ಸಂಬಂಧವಿಲ್ಲ. ಆದರೆ ಕರಡಿನಲ್ಲಿ ಜನ ಅದನ್ನು ನೋಡಿಯಾಗಿದೆ. ಕೊನೆಯಲ್ಲಿ ‘ನೀರಿಗೆ ಸಂಬಂಧಿಸದ ವಿಷಯ’ ಎಂಬ ಅನುಬಂಧದ ಸ್ಲೈಡಿನಲ್ಲಿ ಇರಲಿ. `Hide Slide` ಮಾಡಿ ಇಟ್ಟುಕೊಳ್ಳುತ್ತೇನೆ ಎನ್ನಬೇಡಿ. ಮರೆಮಾಡಿದ ಸ್ಲೈಡು ಪರದೆಯ ಮೇಲೆ ಬರುವುದಿಲ್ಲ, ಆದರೆ ಫೈಲು ಕಳಿಸಿದರೆ ಒಳಗೆ ಇರುತ್ತದೆ. ಅದನ್ನು ತೆರೆದವರಿಗೆ ಮರೆಮಾಡಿದ ಗುರುತೂ ಕಾಣುತ್ತದೆ. ನಿಮ್ಮಂಥ ಸಂದರ್ಭದಲ್ಲಿ ಅದಕ್ಕಿಂತ ಕೆಟ್ಟ ನೋಟ ಇನ್ನೊಂದಿಲ್ಲ.

ಇಷ್ಟೆಲ್ಲ ಒಡೆದು ಕಟ್ಟಲು ಬಿಡುವಿಲ್ಲದಿದ್ದರೆ ಇನ್ನೊಂದು ದಾರಿಯಿದೆ. ಹಳೆಯ 16 ಸ್ಲೈಡ್‌ಗಳನ್ನು ಮುಟ್ಟದೆ ಅನುಬಂಧವಾಗಿ ಹಿಂದೆ ಇಟ್ಟು, ಮುಂದೆ ಐದಾರು ಹೊಸ ಸ್ಲೈಡ್‌ಗಳಲ್ಲಿ ಸಮಸ್ಯೆ, ಕಾರಣ, ಕೆಲಸ, ಫಲಿತಾಂಶ ಹೇಳುವುದು. ಒಂದು ಅಂಕಿಯೂ ಕಳೆಯುವುದಿಲ್ಲ, ಒಂದು ಸಂಜೆಯ ಕೆಲಸ. ಇದರ ದೋಷವೆಂದರೆ ಒಂದೇ ಅಂಕಿ ಎರಡು ಕಡೆ ಬರುತ್ತದೆ. ಕೊನೆಯ ಗಳಿಗೆಯಲ್ಲಿ ಖಜಾಂಚಿ ಒಂದು ಬಿಲ್ಲು ತಿದ್ದಿಸಿದರೆ ಮುಂದಿನದು ತಿದ್ದಿ ಹಿಂದಿನದು ಹಾಗೇ ಉಳಿಯುತ್ತದೆ, ಆಗ ಒಂದೇ ಫೈಲು ಎರಡು ಮಾತಾಡುತ್ತದೆ. ಜೊತೆಗೆ, ಫಲ ಕೊಡದ ಫ್ಲಶಿಂಗ್‌ನಂಥದ್ದು ಹಿಂದೆಯೇ ಉಳಿದು ಮುಂದೆ ಬರುವುದೇ ಇಲ್ಲ. ನಿಮ್ಮ ಬಳಿ ಒಂದು ವಾರ ಇದ್ದರೆ ಪೂರ್ತಿ ಒಡೆದು ಕಟ್ಟುವುದನ್ನೇ ನಾನು ಹೇಳುತ್ತೇನೆ. ಎರಡೇ ದಿನ ಇದ್ದರೆ ಈ ಎರಡನೆಯ ದಾರಿ ಹಿಡಿಯಿರಿ, ಆದರೆ ಫ್ಲಶಿಂಗ್ ಅನ್ನು ಮುಂದಿನ ಭಾಗಕ್ಕೆ ತಂದೇ ತನ್ನಿ.

ಕೈಕೆಲಸದ ಕೆಲವು ಮಾತು. ಹಳೆಯ ಫೈಲನ್ನು ಪಿಡಿಎಫ್ ಮಾಡಿ ತೆಗೆದಿಡಿ, ಕೆಲಸವೆಲ್ಲ ನಕಲಿನ ಮೇಲೆ ನಡೆಯಲಿ. ನಕಲಿನಲ್ಲಿ ಸಾಲು ಬದಲಿಸುವ ಮುಂಚೆಯೇ ಪ್ರತಿ ಸ್ಲೈಡಿನ ಮೂಲೆಯಲ್ಲಿ ‘ಕರಡು 7’ ಎಂಬಂತೆ ಹಳೆಯ ಸಂಖ್ಯೆಯನ್ನು ಸಣ್ಣದಾಗಿ ಟೈಪ್ ಮಾಡಿ. ತಾನಾಗಿ ಬರುವ ಸ್ಲೈಡ್ ಸಂಖ್ಯೆ ಸಾಲು ಬದಲಾದೊಡನೆ ಬದಲಾಗುತ್ತದೆ, ನೀವು ಟೈಪ್ ಮಾಡಿದ್ದು ಹಾಗೇ ಇರುತ್ತದೆ. ಇಲ್ಲಿ ಬೇಕಾದದ್ದು ಅದೇ. ಇದೇ ಕಾರಣಕ್ಕೆ ‘ಸ್ಲೈಡ್ 9 ನೋಡಿ’ ಎಂದು ಎಲ್ಲಾದರೂ ಬರೆದಿದ್ದರೆ ಅದು ಈಗ ತಪ್ಪು ಜಾಗ ತೋರಿಸುತ್ತದೆ, ಹುಡುಕಿ ತಿದ್ದಿ. ಒಂದು ತಿಂಗಳ ಸ್ಲೈಡನ್ನು ಮೂರು ಮಾಡಲು ನಕಲು ತೆಗೆದಾಗ ಕೆಳಗಿನ ಟಿಪ್ಪಣಿಯೂ ಮೂರಾಗುತ್ತದೆ, ಬೇಡದ ಎರಡನ್ನು ಅಳಿಸದಿದ್ದರೆ ಮಾತಾಡುವಾಗ ₹38,000 ಮೂರು ಸಲ ಹೇಳುತ್ತೀರಿ.

ತಾಳೆ ನೋಡುವ ಕೆಲಸವನ್ನು ನೀವೊಬ್ಬರೇ ಮಾಡಬೇಡಿ. ತಾನೇ ಬರೆದದ್ದನ್ನು ಓದುವಾಗ ಕಣ್ಣು ಇರಬೇಕಾದದ್ದನ್ನು ಓದುತ್ತದೆ, ಇರುವುದನ್ನಲ್ಲ. ಖಜಾಂಚಿ ಹಳೆಯ ಪಿಡಿಎಫ್ ಹಿಡಿದು ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಲಿ, ನೀವು ಹೊಸ ಫೈಲಿನಲ್ಲಿ ಅದನ್ನು ಹುಡುಕಿ, ತಾರೀಖೂ ಅದರ ಜೊತೆಗೇ ಇದೆಯೇ ಎಂದು ನೋಡಿ, ಎಕ್ಸೆಲ್ ಹಾಳೆಯ ಕೊನೆಯ ಕಾಲಂನಲ್ಲಿ ಹೊಸ ಸಂಖ್ಯೆ ಬರೆಯಿರಿ. ಹೊಸ ಫೈಲಿನಿಂದ ಹನ್ನೆರಡು ತಿಂಗಳ ಎಣಿಕೆ ಕೂಡಿಸಿದಾಗ 427 ಬರಬೇಕು, ಎರಡು ದರಗಳ ಲೆಕ್ಕ ₹4,65,800 ಆಗಬೇಕು. ಮೊತ್ತ ಕೂಡಿ ಬಂದರೂ ಎರಡು ತಿಂಗಳ ಅಂಕಿಗಳು ಅದಲುಬದಲಾಗಿರಬಹುದು. ಮೊತ್ತ ಅದನ್ನು ಹಿಡಿಯುವುದಿಲ್ಲ, ಗಟ್ಟಿಯಾಗಿ ಓದುವುದು ಹಿಡಿಯುತ್ತದೆ.

ಮುಚ್ಚಿಡುತ್ತಿದ್ದಾರೆ ಎಂಬ ಮಾತಿಗೆ ಉತ್ತರ ಸಭೆಯಲ್ಲಿ ಕೊಡುವುದಲ್ಲ, ಸಭೆಗೆ ಮುಂಚೆ ಕೊಡುವುದು. ಮಹಾರಾಷ್ಟ್ರದಲ್ಲಿ ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು, ನೋಟಿಸು ಪೂರ್ತಿ 14 ದಿನ ಮುಂಚೆ ಹೋಗಬೇಕು. ಗಣಪತಿಯ ಗದ್ದಲದಲ್ಲಿ ಈ ದಿನಗಳು ಕರಗುವುದು ಗೊತ್ತೇ ಆಗುವುದಿಲ್ಲ. ನೋಟಿಸಿನ ಜೊತೆ ಹೊಸ ಫೈಲು, ಹಳೆಯ ಕರಡಿನ ಪಿಡಿಎಫ್, ಮತ್ತು ಯಾವ ಅಂಕಿ ಹಳೆಯ ಯಾವ ಸ್ಲೈಡಿನಿಂದ ಹೊಸ ಯಾವ ಸ್ಲೈಡಿಗೆ ಹೋಗಿದೆ ಎಂಬ ಆ ಎಕ್ಸೆಲ್ ಹಾಳೆ, ಮೂರನ್ನೂ ಅದೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಹೋದ ವರ್ಷ ಅಂಕಿ ಬಿಟ್ಟುಹೋದದ್ದನ್ನು ಹಿಡಿದ ಸದಸ್ಯರಿಗೆ ಒಂದು ದಿನ ಮೊದಲೇ ಕಳಿಸಿ, ‘ಯಾವುದಾದರೂ ಬಿಟ್ಟಿದ್ದರೆ ಹೇಳಿ’ ಎಂದು ಕೇಳಿ. ಅವರು ಒಂದೋ ಎರಡೋ ಹಿಡಿದುಕೊಟ್ಟರೆ ನೋಟಿಸು ಹೋಗುವ ಮೊದಲೇ ಸರಿಪಡಿಸಲು ಸಮಯವಿರುತ್ತದೆ.